ಅಪ್‌ಡೇಟ್: ಹುಡುಗನಿಗೆ ಮೆಸೇಜ್ ಕಳಿಸಿದೆ

ನಾನು ಕೇಳಿದ್ದು: “ನಮ್ಮ ಲೆಫ್ಟ್ ಬ್ಯಾಕ್‌ನನ್ನು ಮೊದಲ ಹನ್ನೊಂದರಿಂದ ಕೈಬಿಡಬೇಕು. ನೋವಾಗದ ಹಾಗೆ ಹೇಗೆ ಬರೆಯಲಿ?”

ನೋವಂತೂ ಆಯಿತು. ಮೊದಲು ಬರೆದಿದ್ದರಲ್ಲಿ ನಾಲ್ಕು ಸಾಲು ಬರೀ ಹೊಗಳಿಕೆ ಇತ್ತು, ಅಳಿಸಿದೆ. ಟೀಮ್ ಪಟ್ಟಿ ಹಾಕುವ ಹಿಂದಿನ ದಿನ ಇಷ್ಟೇ ಕಳಿಸಿದೆ:

“ಶನಿವಾರ ನೀನು ಬೆಂಚ್‌ನಲ್ಲಿರುತ್ತೀಯ. ತೀರ್ಮಾನ ನನ್ನದು. ನೀನು ಮುಂದೆ ಹೋದಾಗ ಬಾಲ್ ಕಳೆದುಕೊಂಡರೆ ವಾಪಸ್ ಬರೋದು ತಡವಾಗ್ತಿದೆ, ಕಳೆದ 3 ಪಂದ್ಯದಲ್ಲಿ 2 ಗೋಲು ಅಲ್ಲಿಂದಲೇ ಬಂದವು. ನಿನ್ನ ಕ್ರಾಸ್ ಈಗಲೂ ಎಲ್ಲರಿಗಿಂತ ಚೆನ್ನಾಗಿದೆ. ಯಾವಾಗ ಮತ್ತೆ ಆಡಿಸ್ತೀನಿ ಅಂತ ಮಾತು ಕೊಡಲಾರೆ. ನಾಳೆ ಸ್ವಲ್ಪ ಬೇಗ ಬಾ, ಮಾತಾಡೋಣ.”

“ಸರಿ ಸರ್” ಅಂತ ಬಂತು, ಅಷ್ಟೇ. ಮರುದಿನ ಶೂ ಲೇಸ್ ಕಟ್ಟುತ್ತಾ, ತಲೆ ಎತ್ತದೆ, “ಎರಡನೇ ಗೋಲು ನನ್ನ ತಪ್ಪು, ಮೊದಲನೆಯದಕ್ಕೆ ಮಿಡ್‌ಫೀಲ್ಡರ್ ಕವರ್ ಮಾಡಬೇಕಿತ್ತು” ಅಂದ. ವಿಡಿಯೋ ಮತ್ತೆ ನೋಡಿದೆ, ಅವನು ಹೇಳಿದ್ದೇ ನಿಜ. ಅದನ್ನೂ ಅವನಿಗೆ ಹೇಳಿದೆ. ತೀರ್ಮಾನ ಮಾತ್ರ ಬದಲಾಯಿಸಲಿಲ್ಲ.