ವರ್ಷಪೂರ್ತಿ ಲೆಕ್ಕದಲ್ಲಿ ಸೋಲು, ಆದರೂ ರಮ್ಮಿ ಆ್ಯಪ್‌ನ ಟಿಡಿಎಸ್‌ಗೆ ನೋಟಿಸ್: ನಿಮ್ಮ ಅನುಭವ ಹೇಳಿ

ದಾವಣಗೆರೆ ಗೆಳೆಯ:
2024-25ರಲ್ಲಿ ರಮ್ಮಿ ಆ್ಯಪ್‌ನಲ್ಲಿ ಒಟ್ಟಾರೆ 80,000 ರೂಪಾಯಿ ಕಳೆದುಕೊಂಡಿದ್ದೇನೆ. ಆದರೆ ಜುಲೈನಲ್ಲಿ ಒಮ್ಮೆ ಗೆದ್ದು ದುಡ್ಡು ತೆಗೆದಾಗ 27,000 ಟಿಡಿಎಸ್ ಹಿಡಿದಿದ್ದರು. ಸಂಬಳ ಮಾತ್ರ ತೋರಿಸಿ ಐಟಿಆರ್-1 ಹಾಕಿ, ಆ 27,000 ವಾಪಸ್ ಕೇಳಿದೆ. ಈಗ 139(9) ನೋಟಿಸ್ ಬಂದಿದೆ: ಟಿಡಿಎಸ್ ಕೇಳಿದ್ದೀರಿ, ಅದರ ಆದಾಯ ತೋರಿಸಿಲ್ಲ ಅಂತ. ಸೋತವನೂ ತೆರಿಗೆ ಕಟ್ಟಬೇಕಾ? ಯಾರಿಗಾದರೂ ಹೀಗೆ ಆಗಿದ್ದರೆ ಏನು ಮಾಡಿದಿರಿ ಹೇಳಿ.

ಶಿರಸಿ ಕಡೆಯವರು:
ಕಟ್ಟಲೇಬೇಕು ಗುರುಗಳೇ. ಆಟದ ಗೆಲುವಿಗೆ ನೇರ 30 ಪರ್ಸೆಂಟ್. ಖರ್ಚು ಕಳೆಯುವಂತಿಲ್ಲ, ಸೋಲನ್ನು ಗೆಲುವಿಗೆ ವಜಾ ಹಾಕುವಂತಿಲ್ಲ. ನಮ್ಮ ಆಡಿಟರ್ ನನಗೆ ಹೀಗೇ ಹೇಳಿದ್ದು. ಇಲಾಖೆಯ ಟಿಡಿಎಸ್ ಪಟ್ಟಿ 26ಎಎಸ್‌ನಲ್ಲಿ 90,000 ಇದ್ದರೆ 90,000 ತೋರಿಸಿ, 27,000 ಅಲ್ಲಿಗೆ ಸರಿಹೋಗುತ್ತದೆ. ಮೇಲೆ ಸೆಸ್ ಅಂತ 1,080 ಕಟ್ಟಬೇಕು, ಅಷ್ಟೇ. ನೆಮ್ಮದಿಯಾಗಿ ಇರಿ.

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಶಿರಸಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಸೆಸ್ ಲೆಕ್ಕ ಸರಿ. ಖರ್ಚು ಕಳೆಯುವಂತಿಲ್ಲ ಅನ್ನುವುದೂ ಸರಿ. ಆದರೆ ಸೋಲನ್ನು ನೋಡುವುದೇ ಇಲ್ಲ ಅನ್ನುವುದು ಹಳೆಯ ಕಾಲದ ಮಾತು. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟಕ್ಕೆ ಬೇರೆಯದೇ ಸೆಕ್ಷನ್‌ಗಳಿವೆ. ಟಿಡಿಎಸ್ ಹಿಡಿಯುವುದಕ್ಕೆ 194ಬಿಎ, ತೆರಿಗೆ ಹಾಕುವುದಕ್ಕೆ 115ಬಿಬಿಜೆ. ಎರಡರಲ್ಲೂ ಲೆಕ್ಕಕ್ಕೆ ಬರುವುದು ನಿವ್ವಳ ಗೆಲುವು. ಅದನ್ನು ಹೇಗೆ ಲೆಕ್ಕ ಹಾಕಬೇಕು ಅನ್ನುವುದು ನಿಯಮ 133ರಲ್ಲಿದೆ.

ಇಡೀ ವರ್ಷಕ್ಕೆ ನಿಯಮ ಹೇಳುವುದು ಇಷ್ಟು. ವರ್ಷದಲ್ಲಿ ನೀವು ಖಾತೆಯಿಂದ ತೆಗೆದ ಹಣಕ್ಕೆ ಮಾರ್ಚ್ 31ರಂದು ಖಾತೆಯಲ್ಲಿ ಉಳಿದದ್ದನ್ನು ಕೂಡಿಸಿ. ಅದರಿಂದ ನೀವು ಕೈಯಿಂದ ಹಾಕಿದ ಹಣ ಮತ್ತು ಏಪ್ರಿಲ್ 1ರಂದು ಇದ್ದ ಬಾಕಿ, ಎರಡನ್ನೂ ಕಳೆಯಿರಿ. ಸೊನ್ನೆಗಿಂತ ಕೆಳಗೆ ಹೋದರೆ ನಿವ್ವಳ ಗೆಲುವು ಸೊನ್ನೆ.

ಹಾಗಿದ್ದರೆ ಟಿಡಿಎಸ್ ಯಾಕೆ ಹಿಡಿದರು? ಆ್ಯಪ್‌ನವರು ಮಾರ್ಚ್‌ವರೆಗೆ ಕಾಯುವುದಿಲ್ಲ. ನೀವು ಹಣ ತೆಗೆದ ದಿನ, ಅಲ್ಲಿವರೆಗಿನ ಲೆಕ್ಕ ನೋಡಿ ಹಿಡಿಯಬೇಕು. ಜುಲೈನಲ್ಲಿ ನೀವು ಗೆದ್ದವರೇ. ಸೋತದ್ದು ಆಮೇಲೆ. ಆದ್ದರಿಂದ ಅವರು ಹಿಡಿದದ್ದೂ ಸರಿ, ನಿಮ್ಮ ವರ್ಷದ ಗೆಲುವು ಸೊನ್ನೆ ಅನ್ನುವುದೂ ಸರಿ ಇರಬಹುದು. ತಿಂಗಳುವಾರು ಎಷ್ಟು ಹಾಕಿದಿರಿ, ಎಷ್ಟು ತೆಗೆದಿರಿ ಹಾಕಿ ನೋಡೋಣ.

ದಾವಣಗೆರೆ ಗೆಳೆಯ:
ಏಪ್ರಿಲ್ 1ಕ್ಕೆ ಬಾಕಿ ಸೊನ್ನೆ. ಜೂನ್‌ವರೆಗೆ 60,000 ಹಾಕಿದೆ. ಜುಲೈನಲ್ಲಿ 1,50,000 ತೆಗೆದೆ, ಬ್ಯಾಂಕಿಗೆ 1,23,000 ಬಂತು. ಆಗಸ್ಟ್‌ನಿಂದ ಜನವರಿವರೆಗೆ 2,10,000 ಹಾಕಿದೆ. ಫೆಬ್ರವರಿಯಲ್ಲಿ ಉಳಿದಿದ್ದ 40,000 ತೆಗೆದು ಆ್ಯಪ್ ತೆಗೆದುಹಾಕಿದೆ. ಆಗ ಟಿಡಿಎಸ್ ಹಿಡಿಯಲಿಲ್ಲ. ಆದರೆ ಮೇಡಂ, ಪಾಸ್‌ಬುಕ್ ಹಿಡಿದು ಕೂಡಿಸಿದರೆ 1,07,000 ಹೋಗಿದೆ ಅಂತ ಬರುತ್ತದೆ, 80,000 ಅಲ್ಲ.

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಆ ವ್ಯತ್ಯಾಸ ನಿಮ್ಮ 27,000ವೇ. ಪಾಸ್‌ಬುಕ್‌ನಲ್ಲಿ 1,23,000 ಮಾತ್ರ ಕಾಣುತ್ತದೆ, ಆದರೆ ನೀವು ತೆಗೆದದ್ದು 1,50,000. ಟಿಡಿಎಸ್ ನಿಮ್ಮ ಹೆಸರಿನಲ್ಲೇ ಸರ್ಕಾರಕ್ಕೆ ಹೋದ ಹಣ. ಲೆಕ್ಕದಲ್ಲಿ ಯಾವಾಗಲೂ ಟಿಡಿಎಸ್ ಹಿಡಿಯುವ ಮೊದಲಿನ ಮೊತ್ತವನ್ನೇ ಬರೆಯಿರಿ. ತುಂಬಾ ಜನ ಇಲ್ಲೇ ತಪ್ಪುವುದು. ನಿಮ್ಮದರಲ್ಲಿ ಸೋಲು ದೊಡ್ಡದಿದೆ, ನಡೆಯುತ್ತದೆ. ಗೆಲುವು ಸೋಲು ಹತ್ತಿರ ಹತ್ತಿರ ಇದ್ದವರಿಗೆ ಪಾಸ್‌ಬುಕ್ ಲೆಕ್ಕ ಸೋಲು ತೋರಿಸುತ್ತದೆ, ನಿಜವಾಗಿ ಗೆಲುವು ಇರುತ್ತದೆ.

ಈಗ ನೋಡಿ. ಜುಲೈನಲ್ಲಿ 1,50,000 ತೆಗೆದಿರಿ, ಅಲ್ಲಿವರೆಗೆ ಹಾಕಿದ್ದು 60,000. ಗೆಲುವು 90,000, ಅದರ 30 ಪರ್ಸೆಂಟ್ 27,000. ಸರಿಯಾಗಿ ಕೂತಿತು. ಫೆಬ್ರವರಿಗೆ ಬಂದಾಗ ಒಟ್ಟು ತೆಗೆದದ್ದು 1,90,000, ಒಟ್ಟು ಹಾಕಿದ್ದು 2,70,000. ಹಾಕಿದ್ದೇ ಜಾಸ್ತಿ, ಅದಕ್ಕೇ ಆಗ ಹಿಡಿಯಲಿಲ್ಲ. ಮಾರ್ಚ್ 31ಕ್ಕೂ ಅದೇ ಲೆಕ್ಕ: 80,000 ಸೋಲು, ನಿವ್ವಳ ಗೆಲುವು ಸೊನ್ನೆ, ತೆರಿಗೆ ಸೊನ್ನೆ. 27,000 ನಿಮ್ಮ ಹಣ.

ಆ 80,000 ಸೋಲನ್ನು ಮಾತ್ರ ಸಂಬಳದಿಂದ ಕಳೆಯಲು ಹೋಗಬೇಡಿ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಶಿರಸಿಯವರ ಆಡಿಟರ್ ಹೇಳಿದ್ದು ಅಲ್ಲಿಗೆ ಹೊಂದುತ್ತದೆ.

ಕೋಲಾರದ ಅಕ್ಕ:
ನನ್ನದೂ ಇಂಥದ್ದೇ. ನನ್ನ ಪ್ಯಾನ್ ಕೊಟ್ಟು ಖಾತೆ ಮಾಡಿ ಆಡಿದ್ದು ನನ್ನ ತಮ್ಮ. 26ಎಎಸ್‌ನಲ್ಲಿ ನನ್ನ ಹೆಸರಿಗೆ ಬಂದಿದೆ. ನಾನು ಆಡಲೇ ಇಲ್ಲ ಅಂತ ಬರೆದರೆ ಸಾಕಾ? ಪೊಲೀಸ್ ಕೇಸ್ ಏನಾದರೂ ಆಗುತ್ತದಾ?

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಅಕ್ಕ, ಇದು ತೆರಿಗೆ ಲೆಕ್ಕದ ನೋಟಿಸ್, ಪೊಲೀಸರದ್ದಲ್ಲ. ಆದರೆ ನಿಮ್ಮದು ಬೇರೆ ವಿಷಯ. ಪ್ಯಾನ್, ಖಾತೆ, ಬ್ಯಾಂಕ್ ಮೂರೂ ನಿಮ್ಮವಾದರೆ "ನಾನು ಆಡಲಿಲ್ಲ" ಅನ್ನುವುದು ನಿಲ್ಲುವುದು ಕಷ್ಟ. ಹಣ ಯಾರ ಬ್ಯಾಂಕಿನಿಂದ ಹೋಯಿತು, ಯಾರ ಬ್ಯಾಂಕಿಗೆ ಬಂತು ಅನ್ನುವುದನ್ನು ಮೊದಲು ನೋಡಿ. ಈ ದಾವಣಗೆರೆಯವರ ಉತ್ತರ ನೋಡಿ ನಿಮ್ಮದನ್ನು ಬರೆಯಬೇಡಿ.

ದಾವಣಗೆರೆ ಗೆಳೆಯ:
ಸರಿ ಮೇಡಂ, ನೋಟಿಸ್‌ಗೆ ಏನು ಉತ್ತರ ಕೊಡಲಿ?

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಮೊದಲು ಗಡುವು. ನೋಟಿಸ್‌ನಲ್ಲಿ 15 ದಿನ ಕೊಟ್ಟಿರುತ್ತಾರೆ. ಉತ್ತರ ಕೊಡದೆ ಬಿಟ್ಟರೆ ರಿಟರ್ನ್ ಹಾಕಲೇ ಇಲ್ಲ ಅಂತ ಆಗುತ್ತದೆ. ಆಗ 27,000 ಜೊತೆಗೆ ಉಳಿದದ್ದೂ ಕೆಡುತ್ತದೆ.

ಪೋರ್ಟಲ್‌ನಲ್ಲಿ Pending Actions ಒಳಗೆ e-Proceedings ಇದೆ. ಅಲ್ಲಿ ನೋಟಿಸ್ ತೆರೆದರೆ Agree, Disagree ಎರಡು ದಾರಿ ಕಾಣುತ್ತವೆ. ನೀವು ಹಾಕಿದ್ದು ಐಟಿಆರ್-1. ಆನ್‌ಲೈನ್ ಆಟದ ಗೆಲುವು ತೋರಿಸಲು ಅದರಲ್ಲಿ ಜಾಗವೇ ಇಲ್ಲ. ನಾನಾಗಿದ್ದರೆ Agree ಅಂತ ಕೊಟ್ಟು, ನೋಟಿಸ್ ನಂಬರ್ ಹಾಕಿ, ಅದೇ ನೋಟಿಸ್‌ಗೆ ಉತ್ತರವಾಗಿ ಐಟಿಆರ್-2 ಹಾಕುತ್ತಿದ್ದೆ. ಇತರೆ ಆದಾಯದ ಶೆಡ್ಯೂಲ್‌ನಲ್ಲಿ 115ಬಿಬಿಜೆ ಸಾಲು ಇದೆ. ಅಲ್ಲಿ ಸೊನ್ನೆ, ಟಿಡಿಎಸ್ ಶೆಡ್ಯೂಲ್‌ನಲ್ಲಿ 27,000.

ತೊಡಕು ಇರುವುದು ಟಿಡಿಎಸ್ ಶೆಡ್ಯೂಲ್‌ನಲ್ಲಿ. ಅಲ್ಲಿ ಟಿಡಿಎಸ್ ಪಕ್ಕದಲ್ಲೇ ಅದಕ್ಕೆ ಸಂಬಂಧಿಸಿದ ಮೊತ್ತ ಕೇಳುತ್ತದೆ. 90,000 ಬರೆದರೆ ಶೆಡ್ಯೂಲ್‌ನ ಸೊನ್ನೆಗೆ ಹೊಂದುವುದಿಲ್ಲ. ಸೊನ್ನೆ ಬರೆದರೆ ಟಿಡಿಎಸ್ ಎಲ್ಲಿಂದ ಬಂತು ಅಂತ ಯಂತ್ರ ಕೇಳಬಹುದು. ಇದರಲ್ಲಿ ನಮ್ಮ ಕೆಲಸದವರಲ್ಲೇ ಎರಡು ಅಭಿಪ್ರಾಯ. ನಾನು ಸೊನ್ನೆ ಬರೆದು, ಹಾಕಿದ್ದು ತೆಗೆದದ್ದು ತೋರಿಸುವ ಆ್ಯಪ್‌ನ ಲೆಡ್ಜರ್ ಇಟ್ಟುಕೊಳ್ಳುವ ಪಕ್ಷ.

ಮಂಡ್ಯ ಪಾಟೀಚು:
ಮೇಡಂ, ನಾನು ಮೊದಲೇ ಐಟಿಆರ್-2ರಲ್ಲಿ ಸೊನ್ನೆ ತೋರಿಸಿದ್ದೆ. ಆದರೂ ಇದೇ ನೋಟಿಸ್ ಬಂತು. Disagree ಕೊಟ್ಟು, ನಿಯಮ 133ರ ಪ್ರಕಾರ ತೆಗೆದದ್ದು ಎಷ್ಟು, ಹಾಕಿದ್ದು ಎಷ್ಟು ಅಂತ ನಾಲ್ಕು ಸಾಲು ಬರೆದೆ. ಒಪ್ಪಿದರು, ರೀಫಂಡ್ ಬಂತು. ನನ್ನ ಸ್ನೇಹಿತನಿಗೆ ಅದೇ ಉತ್ತರಕ್ಕೆ ಟಿಡಿಎಸ್ ಕ್ರೆಡಿಟ್ ಕೊಡದೆ, ರಿಟರ್ನ್ ಲೆಕ್ಕ ಮುಗಿಸಿದ 143(1) ಪತ್ರ ಬಂತು. ಅವನು 154ರಲ್ಲಿ ತಿದ್ದುಪಡಿ ಕೇಳಿದ್ದಾನೆ, ಇನ್ನೂ ಇತ್ಯರ್ಥ ಆಗಿಲ್ಲ.

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಹೌದು, ಎರಡೂ ಆಗುತ್ತಿವೆ. ತಿದ್ದುಪಡಿಯಲ್ಲಿ ಆಗದಿದ್ದರೆ ಅಪೀಲು. ನಿಮ್ಮ ಸ್ನೇಹಿತ ಅಪೀಲಿನ 30 ದಿನದ ಮೇಲೂ ಒಂದು ಕಣ್ಣಿಡಲಿ. ತಿದ್ದುಪಡಿ ಅರ್ಜಿ ಹಾಕಿದ ಮಾತ್ರಕ್ಕೆ ಆ ದಿನಗಳು ನಿಲ್ಲುವುದಿಲ್ಲ.

ಪೀಣ್ಯ ಮೆಕ್ಯಾನಿಕ್:
ಯಾರೂ ಜಿಎಸ್‌ಟಿ ವಿಷಯ ಎತ್ತಲಿಲ್ಲ. 2023ರ ಅಕ್ಟೋಬರ್‌ನಿಂದ ಹಾಕುವ ಹಣಕ್ಕೆ 28 ಪರ್ಸೆಂಟ್ ಜಿಎಸ್‌ಟಿ ಬಂತಲ್ವಾ? ನನ್ನ ಲೆಡ್ಜರ್‌ನಲ್ಲಿ ನಾನು ಕೊಟ್ಟ ಪ್ರತಿ 100 ರೂಪಾಯಿಗೆ ಡೆಪಾಸಿಟ್ ಅಂತ ಕಾಣುವುದು 78 ಚಿಲ್ಲರೆ. ಉಳಿದದ್ದು ಬೋನಸ್ ಅಂತ ಬಂದಿದೆ. ಬ್ಯಾಂಕಿನ ಪ್ರಕಾರ ನನ್ನದು ಸೋಲು, ಲೆಡ್ಜರ್ ಪ್ರಕಾರ ಸಣ್ಣ ಗೆಲುವು!

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಒಳ್ಳೆಯ ಮಾತು ಎತ್ತಿದಿರಿ. ಆ್ಯಪ್ ಕೊಟ್ಟ ಬೋನಸ್ಸನ್ನು ನೀವು ಹಾಕಿದ ಹಣ ಅಂತ ಕಳೆಯುವಂತಿಲ್ಲ. ಜಿಎಸ್‌ಟಿಗೆ ಹೋದ ಭಾಗವನ್ನು ಕಳೆಯಬಹುದಾ ಅನ್ನುವುದರಲ್ಲಿ ವಾದ ಇದೆ. ಆದ್ದರಿಂದ ನಾನು ಮೊದಲು ಲೆಡ್ಜರ್ ಅಂಕಿಯನ್ನೇ ಹಿಡಿದು ನೋಡುತ್ತೇನೆ. ಅದರಲ್ಲೂ ಸೊನ್ನೆ ಬಂದರೆ ಜಗಳವೇ ಇಲ್ಲ. ನಿಮ್ಮದರಲ್ಲಿ ಗೆಲುವು ಬರುತ್ತಿದೆ ಅಂದರೆ, ಅಷ್ಟಕ್ಕೆ ತೆರಿಗೆ ತೋರಿಸಿ ಉಳಿದ ಟಿಡಿಎಸ್ ವಾಪಸ್ ಕೇಳುವುದು ಸುರಕ್ಷಿತ.

ದಾವಣಗೆರೆಯವರದ್ದೂ ನೋಡಿದೆ. ಟಿಡಿಎಸ್ ಸರಿಯಾಗಿ 90,000ಕ್ಕೇ ಹಿಡಿದಿದ್ದಾರೆ, ಅಂದರೆ ಮೊದಲ 60,000 ಲೆಡ್ಜರ್ ಅಂಕಿಯೇ. ಆಮೇಲಿನ 2,10,000 ಬ್ಯಾಂಕಿನ ಅಂಕಿ ಆಗಿದ್ದರೂ ಲೆಡ್ಜರ್‌ನಲ್ಲಿ ಸುಮಾರು 1,64,000 ಆಗುತ್ತದೆ. ಒಟ್ಟು 2,24,000. ತೆಗೆದದ್ದು 1,90,000. ಸೋಲು ಕಡಿಮೆ ಕಾಣುತ್ತದೆ, ನಿವ್ವಳ ಗೆಲುವು ಮಾತ್ರ ಸೊನ್ನೆಯೇ.

ಉಡುಪಿ ಹುಡುಗ:
ಒಂದು ಆ್ಯಪ್‌ನಲ್ಲಿ ಗೆದ್ದು ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ ಸೋತಿದ್ದರೆ? ನನ್ನದು ಕ್ರಿಕೆಟ್ ಫ್ಯಾಂಟಸಿಯಲ್ಲಿ 40,000 ಲಾಭ, ಪೋಕರ್‌ನಲ್ಲಿ 70,000 ನಷ್ಟ.

ಶಿರಸಿ ಕಡೆಯವರು:
ಮೇಡಂ ಹೇಳಿದ ಹಾಗೆ ಎಲ್ಲ ಕೂಡಿಸಿ ಕಳೆದರೆ ಸೊನ್ನೆ ಅಲ್ವಾ?

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಇಲ್ಲ, ಅಲ್ಲಿ ದುಡುಕಬೇಡಿ. ಒಂದೇ ಕಂಪನಿಯಲ್ಲಿ ಎರಡು ಮೂರು ಖಾತೆ ಇದ್ದರೆ ಕಂಪನಿಯೇ ಕೂಡಿಸಿ ಲೆಕ್ಕ ಹಾಕಬೇಕು. ಬೇರೆ ಬೇರೆ ಕಂಪನಿಗಳು ಒಂದರ ಲೆಕ್ಕ ಇನ್ನೊಂದು ನೋಡುವುದಿಲ್ಲ. ರಿಟರ್ನ್‌ನಲ್ಲಿ ನೀವು ಕೂಡಿಸಬಹುದಾ? ನಿಯಮದ ಮಾತುಗಳನ್ನು ಹಿಡಿದು ಕೂಡಿಸಬಹುದು ಅನ್ನುವವರು ಇದ್ದಾರೆ. ನಾನು ಇನ್ನೂ ಒಪ್ಪಿಲ್ಲ. ನಿಮ್ಮ ಜಾಗದಲ್ಲಿದ್ದರೆ 40,000 ತೋರಿಸುತ್ತಿದ್ದೆ.

ದಾವಣಗೆರೆ ಗೆಳೆಯ:
ಲೆಡ್ಜರ್‌ಗೆ ಆ್ಯಪ್ ಒಳಗೆ ಹೋಗಲು ನೋಡಿದೆ. ಕಾಸಿನ ಆಟ ನಿಲ್ಲಿಸಿಬಿಟ್ಟಿದ್ದಾರೆ, ಹಳೆಯ ಲೆಕ್ಕ ಕಾಣುತ್ತಿಲ್ಲ.

ಮಂಡ್ಯ ಪಾಟೀಚು:
2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂದ ಮೇಲೆ ತುಂಬಾ ಆ್ಯಪ್‌ಗಳು ಹಾಗೇ ಮಾಡಿವೆ. ನೀವು ನೋಂದಾಯಿಸಿದ ಇಮೇಲ್‌ನಿಂದಲೇ ಅವರ ಸಹಾಯವಾಣಿಗೆ ಬರೆಯಿರಿ. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಪೂರ್ತಿ ಲೆಡ್ಜರ್ ಮತ್ತು ಜುಲೈ ತ್ರೈಮಾಸಿಕದ ಫಾರ್ಮ್ 16ಎ ಕೇಳಿ. ನನಗೆ ಹಾಗೇ ಸಿಕ್ಕಿತು.

ಹುಬ್ಬಳ್ಳಿ ಟ್ಯಾಕ್ಸ್ ಮೇಡಂ:
ಅದು ಬರುವವರೆಗೆ ಕಾಯುತ್ತಾ ಕೂತು 15 ದಿನ ದಾಟಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಆ್ಯಪ್‌ಗೆ ಹೋದ ಪ್ರತಿ ಸಾಲು, ಬಂದ ಪ್ರತಿ ಸಾಲು ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ. ಜುಲೈ ಸಾಲಿನಲ್ಲಿ 1,23,000ದ ಪಕ್ಕ 27,000 ಸೇರಿಸಿ 1,50,000 ಮಾಡಿ. ಉತ್ತರವನ್ನು ಅದರ ಮೇಲೆ ಕೊಡಿ, ಲೆಡ್ಜರ್ ಬಂದಾಗ ತಾಳೆ ನೋಡಿ.