‘ಮೊದಲೇ ಇದ್ದ ಕಾಯಿಲೆ’ ಅಂದರೆ ಅರ್ಥ ಹಿಗ್ಗುತ್ತದೆಯೇ?

ಸುಮಾ:
ನಮ್ಮ ಸ್ವಸಹಾಯ ಸಂಘದವರಿಗಾಗಿ ಆರೋಗ್ಯ ವಿಮೆ ಪಾಲಿಸಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್’ಗೆ ‘ಮೊದಲೇ ಇದ್ದ ಕಾಯಿಲೆ’ ಎಂದು ಬರೆದೆ. ಒಬ್ಬರು ಕೇಳಿದರು: "ಪಾಲಿಸಿ ಮಾಡಿಸಿ ಎಂಟು ತಿಂಗಳಿಗೆ ನನಗೆ ಶುಗರ್ ಇದೆ ಅಂತ ಗೊತ್ತಾದರೆ? ಮೈಯಲ್ಲಿ ಮೊದಲೇ ಇತ್ತು ಅಂತ ದುಡ್ಡು ಕೊಡೋದಿಲ್ವಾ?" ನನ್ನ ಪದವೇ ಅವರನ್ನು ಹೆದರಿಸಿತು.

ಪ್ರಕಾಶ್:
‘ಗೊತ್ತಿದ್ದ ಕಾಯಿಲೆ’ ಅನ್ನಿ. ಸರಳ, ಸರಿಯಾಗಿದೆ.

ವೆಂಕಟೇಶ್:
ನಾನು ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು. ಪ್ರಕಾಶ್ ಅರ್ಧ ಸರಿ. ಒಂದು ಕಾಯಿಲೆ ಈ ಹೆಸರಿನಡಿ ಸೇರಬೇಕಾದರೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಪತ್ತೆ ಮಾಡಿರಬೇಕು, ಇಲ್ಲವೇ ಅದಕ್ಕೆ ಸಲಹೆ ಅಥವಾ ಚಿಕಿತ್ಸೆ ಸೂಚಿಸಿರಬೇಕು, ಇಲ್ಲವೇ ಅದನ್ನು ರೋಗಿ ಪಡೆದಿರಬೇಕು. ಹಾಗಾಗಿ ಆ ಅಕ್ಕನಿಗೆ ಎಂಟು ತಿಂಗಳ ನಂತರ ಮೊದಲ ಸಲ ಶುಗರ್ ಗೊತ್ತಾದರೆ ಅದು ಇದರಲ್ಲಿ ಸೇರುವುದಿಲ್ಲ. ಆದರೆ ಪಾಲಿಸಿಗೆ ಎರಡು ವರ್ಷ ಮೊದಲು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದು, ಅವರು ನುಂಗದೇ ಬಿಟ್ಟಿದ್ದರೂ ಸೇರುತ್ತದೆ. ಅದಕ್ಕೇ ‘ಚಿಕಿತ್ಸೆ ಪಡೆದ’ ಎಂದಷ್ಟೇ ಬರೆದರೆ ಸಾಲದು, ‘ಸೂಚಿಸಿದ’ ಬೇಕೇ ಬೇಕು. ಹತ್ತು ವರ್ಷದ ಹಿಂದೆ ವಾಸಿಯಾದ ಕಾಯಿಲೆಯೂ ‘ಗೊತ್ತಿದ್ದ’ದ್ದೇ, ಆದರೆ ಈ 36 ತಿಂಗಳ ಹೊರಗೆ ಬೀಳುತ್ತದೆ. ಅರ್ಜಿಯಲ್ಲಿ ಕೇಳಿದ್ದರೆ ಮಾತ್ರ ಅದನ್ನೂ ಹೇಳಲೇಬೇಕು, ಅದು ಬೇರೆ ವಿಷಯ.

ಲತಾ:
ನನ್ನ ತಮ್ಮ ಪಾಲಿಸಿ ತೆಗೆದುಕೊಂಡು ಹನ್ನೆರಡನೇ ದಿನಕ್ಕೆ ಸ್ಕೂಟರಿನಿಂದ ಬಿದ್ದ. ಏಜೆಂಟರು "ಮೊದಲ 30 ದಿನ ಏನೂ ಸಿಗೋದಿಲ್ಲ" ಎಂದರು. ನಾವು ಸುಮ್ನೆ ಕೈಯಿಂದ ಖರ್ಚು ಮಾಡಿದೆವು. ಇದೂ ಮೊದಲೇ ಇದ್ದ ಕಾಯಿಲೆಯಾ?

ವೆಂಕಟೇಶ್:
ಅಲ್ಲ ಲತಾ ಅವರೇ, ಅದು ಬೇರೆ ಷರತ್ತು. 30 ದಿನದ ಷರತ್ತು ಕಾಯಿಲೆಗೆ, ಅಪಘಾತಕ್ಕಲ್ಲ. ‘ಅಪಘಾತ ಬಿಟ್ಟು’ ಎಂಬ ಎರಡು ಪದ ಬಿಟ್ಟುಹೋದರೆ ಇಡೀ ಕುಟುಂಬ ಹೀಗೆ ದುಡ್ಡು ಕಳೆದುಕೊಳ್ಳುತ್ತದೆ. ಸುಮಾ, ಕ್ಲೇಮ್ ಭಾಗದಲ್ಲೂ ನೋಡಿ. ಆರೋಗ್ಯ ಸಂಜೀವಿನಿ ಎಂಬ ವಿಮೆ ಪಾಲಿಸಿಯಲ್ಲಿ ತುರ್ತಾಗಿ ದಾಖಲಾದರೆ 24 ಗಂಟೆಯೊಳಗೆ ಅಥವಾ ಡಿಸ್ಚಾರ್ಜ್‌ಗೆ ಮುಂಚೆ, ಯಾವುದು ಮೊದಲೋ ಆಗ ‘ತಿಳಿಸಬೇಕು’. ಅದನ್ನು ‘ಕ್ಲೇಮ್ ಸಲ್ಲಿಸಬೇಕು’ ಎಂದು ಬರೆದರೆ ಜನ ಬಿಲ್ಲಿಗೆ ಕಾಯುತ್ತಾ ಕೂರುತ್ತಾರೆ.

ಸುಮಾ:
ಸರ್, ಹಾಗಾದರೆ ಹೀಗೆ ಬರೆಯುತ್ತೇನೆ: "ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಪತ್ತೆ ಮಾಡಿದ, ಅಥವಾ ಅದಕ್ಕೆ ಸಲಹೆ ಇಲ್ಲವೇ ಚಿಕಿತ್ಸೆ ಸೂಚಿಸಿದ, ಅಥವಾ ನೀವು ಅದನ್ನು ಪಡೆದ ಕಾಯಿಲೆ." ವಾಕ್ಯ ಉದ್ದವಾಯಿತು, ಆದರೆ ಒಂದು ಪದವನ್ನೂ ಕತ್ತರಿಸಲು ಧೈರ್ಯವಿಲ್ಲ. ಶೀರ್ಷಿಕೆಗೆ ಮಾತ್ರ ಚಿಕ್ಕ ಹೆಸರು ಬೇಕು.

ಪ್ರಕಾಶ್:
‘ಹಿಂದೆ ದಾಖಲಾದ ಕಾಯಿಲೆ’?

ವೆಂಕಟೇಶ್:
‘ದಾಖಲಾದ’ ಅಂದರೆ ಆಸ್ಪತ್ರೆಗೆ ಸೇರಿದ್ದು ಅಂದುಕೊಳ್ಳುತ್ತಾರೆ ಅಲ್ವಾ? ನನಗೂ ಒಳ್ಳೆಯ ಪದ ಹೊಳೆಯುತ್ತಿಲ್ಲ. ಸದ್ಯಕ್ಕೆ ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿಟ್ಟು, ಕೆಳಗೆ ನಿಮ್ಮ ವಾಕ್ಯ ಹಾಕಿ.