ಅಪರಿಚಿತರ ಶೋಕಕೂಟ: ಮೊದಲು ಯಾವ ಮಾತು ಆಡಬೇಕು?

ಪ್ರಶ್ನೆ (ನಿವೃತ್ತ ಶಿಕ್ಷಕಿ): ಆಪ್ತರನ್ನು ಕಳೆದುಕೊಂಡ, ಪರಸ್ಪರ ಪರಿಚಯವಿಲ್ಲದ ಏಳು ಮಂದಿಯ ಕೂಟವನ್ನು ನಾನು ನಡೆಸಲಿದ್ದೇನೆ. ಒಬ್ಬರ ಮಗ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ‘ಇಲ್ಲಿ ಆಡಿದ್ದು ಎಂದಿಗೂ ಹೊರಗೆ ಹೋಗದು’ ಎಂದು ಭರವಸೆ ಕೊಟ್ಟು ಆರಂಭಿಸಬಹುದೇ ಮೇಡಂ?

ಆಪ್ತಸಮಾಲೋಚಕಿ: ದಯವಿಟ್ಟು ಆ ಭರವಸೆಯನ್ನು ಹಾಗೆಯೇ ಕೊಡಬೇಡಿ. ಮೂರನೆಯ ವಾರ ಮಗನನ್ನು ಕಳೆದುಕೊಂಡವರು ‘ನಾನೂ ಅವನ ಬಳಿಗೇ ಹೋಗುತ್ತೇನೆ’ ಎಂದರೆ ನೀವು ಕೊಟ್ಟ ಮಾತನ್ನು ಮುರಿಯಬೇಕಾಗುತ್ತದೆ, ಇಲ್ಲವೇ ಗುಟ್ಟನ್ನು ಕಾಯುತ್ತ ಕೂರಬೇಕಾಗುತ್ತದೆ. ಮೊದಲ ದಿನವೇ ಹೀಗೆ ಹೇಳಿ: ‘ಇಲ್ಲಿ ಕೇಳಿದ್ದನ್ನು ನಾವು ಹೊರಗೆ ಹೇಳುವುದಿಲ್ಲ; ಆದರೆ ಯಾರದಾದರೂ ಜೀವಕ್ಕೆ ಅಪಾಯವಿದೆ ಎನಿಸಿದರೆ, ಮೊದಲು ಅವರೊಡನೆ ಮಾತನಾಡಿ, ಬಳಿಕ ನೆರವಾಗಬಲ್ಲವರಿಗೆ ತಿಳಿಸುತ್ತೇನೆ. ಸಾವು ಹೇಗಾಯಿತೆಂದು ಯಾರೂ ಯಾರನ್ನೂ ಕೇಳುವುದು ಬೇಡ; ಹೇಳಬೇಕೆನಿಸಿದವರೂ ಅದರ ವಿಧಾನವನ್ನು ವಿವರಿಸುವುದು ಬೇಡ.’

ಸತ್ತವರ ಬಳಿಗೆ ಹೋಗಬೇಕೆನ್ನುವ ಮಾತು ಅನೇಕ ವೇಳೆ ಹಂಬಲವಷ್ಟೇ ಆಗಿರುತ್ತದೆ, ಆದರೆ ಊಹಿಸಿ ಸುಮ್ಮನಾಗಬಾರದು. ಕೂಟ ಮುಗಿದ ಮೇಲೆ ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ‘ನಿಮಗೆ ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿಯೇ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಗೆ, ಯಾವಾಗ ಎಂಬುದನ್ನು ಅವರು ಆಗಲೇ ನಿರ್ಧರಿಸಿದ್ದರೆ, ಒಂಟಿಯಾಗಿ ಕಳುಹಿಸದೆ ಮನೆಯವರನ್ನು ಕರೆಸಿ, ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಪ್ರಶ್ನೆ: ಎಲ್ಲರೂ ಸರದಿಯಂತೆ ಮಾತನಾಡಲೇಬೇಕೆ?

ಆಪ್ತಸಮಾಲೋಚಕಿ: ಬೇಡ. ‘ಇಂದು ಕೇಳುತ್ತೇನೆ’ ಎಂದರೆ ಸಾಕು.

ಈ ವೇದಿಕೆಯ ಸದಸ್ಯರೊಬ್ಬರು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ ಎಂಬ ದುಃಖದ ಐದು ಹಂತಗಳ ಚಿತ್ರವೊಂದು ನನಗೆ ಬಂದಿದೆ. ಅದನ್ನು ಓದಿಸಿ, ಯಾರು ಯಾವ ಹಂತದಲ್ಲಿದ್ದಾರೆಂದು ಗುರುತಿಸಿದರೆ ಒಳ್ಳೆಯದಲ್ಲವೇ?

ಆಪ್ತಸಮಾಲೋಚಕಿ: ಇದು ಇಲ್ಲಿಗೆ ಮತ್ತೆ ಮತ್ತೆ ಬರುತ್ತಿದೆ. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ ಆ ಹಂತಗಳನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತನಾಡಿ, ಆಪ್ತರನ್ನು ಕಳೆದುಕೊಂಡವರೊಡನೆ ಅಲ್ಲ. ಮಗನನ್ನು ಕಳೆದುಕೊಂಡವರಿಗೆ ‘ನೀವಿನ್ನೂ ಕೋಪದ ಹಂತದಲ್ಲಿದ್ದೀರಿ’ ಎನ್ನುವುದು ಪರೀಕ್ಷೆಯಲ್ಲಿ ಅಂಕ ಕೊಟ್ಟಂತಾಗುತ್ತದೆ. ದಯವಿಟ್ಟು ಹಂಚಬೇಡಿ.

ಅದೇ ಸದಸ್ಯರು: ನನ್ನ ಪತ್ನಿ ತೀರಿಕೊಂಡಾಗ ನನಗೆ ಧೈರ್ಯ ಕೊಟ್ಟದ್ದು ಅದೇ. ನನ್ನ ಅನುಭವವನ್ನು ಸುಳ್ಳೆನ್ನುವಿರಾ?

ಇನ್ನೊಬ್ಬ ಸದಸ್ಯೆ: ಅದು ನಿಮ್ಮ ಅನುಭವ, ನಿಯಮವಲ್ಲ. ಅತ್ತರೆ ಯಾರೂ ಸಮಾಧಾನಪಡಿಸಬಾರದೆಂಬ ನಿಯಮವನ್ನೂ ಸೇರಿಸಿ. ಬೆನ್ನು ಸವರಿದೊಡನೆ ನನ್ನ ಮಾತು ನಿಂತುಹೋಗುತ್ತದೆ.

ಮೊದಲ ಸದಸ್ಯರು: ಅಳುವವರನ್ನು ನೋಡುತ್ತ ಕೂರುವುದು ನಿರ್ದಯತೆ.

ಸದಸ್ಯೆ: ನಿಮ್ಮ ಸಂಕಟ ತಣಿಯಲೆಂದು ಇನ್ನೊಬ್ಬರ ಅಳುವನ್ನು ನಿಲ್ಲಿಸುವುದು ದಯೆಯೇ?

ಆಪ್ತಸಮಾಲೋಚಕಿ: ಇಬ್ಬರೂ ಸಾಕು ಮಾಡಿ. ಕರವಸ್ತ್ರಗಳನ್ನು ಕೈಗೆಟಕುವಲ್ಲಿ ಇಟ್ಟಿರಿ, ಮುಟ್ಟುವ ಮೊದಲು ಕೇಳಿ.



ಮೊದಲ ಸದಸ್ಯರು: ಸಾಕು ಮಾಡಿ ಎನ್ನುವ ಹಕ್ಕು ನಿಮಗೆ ಕೊಟ್ಟವರಾರು?

ನಿವೃತ್ತ ಶಿಕ್ಷಕಿ: ಮೇಡಂ, ಗುಟ್ಟಿನ ಮಿತಿಯ ಮಾತನ್ನು ಎಲ್ಲರೆದುರು ಆಡಿದರೆ, ತನ್ನನ್ನೇ ಉದ್ದೇಶಿಸಿದ್ದೆಂದು ಮಗನನ್ನು ಕಳೆದುಕೊಂಡವರಿಗೆ ಅನ್ನಿಸದೇ?

ಆಪ್ತಸಮಾಲೋಚಕಿ: ಅನ್ನಿಸಬಹುದು. ಆದ್ದರಿಂದ ಹಿಂದಿನ ದಿನವೇ ಏಳು ಮಂದಿಗೂ ಫೋನ್ ಮಾಡಿ ಅದೇ ವಾಕ್ಯವನ್ನು ತಿಳಿಸಿ, ಮರುದಿನ ಕಾಗದ ನೋಡಿಯೇ ಓದಿ. ಓದುವಾಗ ಅವರ ಮುಖವನ್ನು ನೋಡಲೇಬೇಡಿ.